15ಕ್ಕೆ ಒಂದೇ ಗ್ರೂಪ್, 21ಕ್ಕೆ ಮಾತ್ರ ಎರಡು. ಯಾಕೆ?

ಮುಧೋಳ_ಎಂಎಸ್ಸಿ
ಎಲ್ಲರಿಗೂ ನಮಸ್ಕಾರ. ಬೆಳಗಾವಿಯಲ್ಲಿ ಎಂ.ಎಸ್ಸಿ. ಮೊದಲ ಸೆಮ್ ಓದುತ್ತಿದ್ದೇನೆ. ಆರ್ಡರ್ pq ಇರುವ ಗ್ರೂಪ್‌ಗಳಲ್ಲಿ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. p, q ಎರಡೂ ಅವಿಭಾಜ್ಯ, p ಚಿಕ್ಕದು, q ದೊಡ್ಡದು.

15ರ ಲೆಕ್ಕ ಸರಿಯಾಗಿ ಕೂತಿದೆ. ಸೈಲೋ ಪ್ರಕಾರ ಆರ್ಡರ್ 3ರ ಸಬ್‌ಗ್ರೂಪ್‌ಗಳ ಸಂಖ್ಯೆ 5ನ್ನು ಭಾಗಿಸಬೇಕು, ಅದನ್ನು 3ರಿಂದ ಭಾಗಿಸಿದರೆ ಶೇಷ 1 ಬರಬೇಕು. 5 ಆಗುವುದಿಲ್ಲ, ಹಾಗಾಗಿ ಒಂದೇ. ಆರ್ಡರ್ 5ರದ್ದೂ ಒಂದೇ. ಗ್ರೂಪ್ ಸೈಕ್ಲಿಕ್ ಅಂತ ಬರುತ್ತದೆ.

21ಕ್ಕೆ ಬಂದರೆ ಆರ್ಡರ್ 3ರ ಸಬ್‌ಗ್ರೂಪ್‌ಗಳು 1 ಅಥವಾ 7. ನಮ್ಮ ನೋಟ್ಸ್‌ನಲ್ಲಿ ಮುಂದಿನ ಸಾಲೇ "ಆದ್ದರಿಂದ ಅಬೇಲಿಯನ್ ಅಲ್ಲದ ಗ್ರೂಪ್ ಒಂದೇ ಒಂದು ಇದೆ" ಅಂತಿದೆ. ಈ "ಆದ್ದರಿಂದ" ಎಲ್ಲಿಂದ ಬಂತು? 7 ಇರಬಹುದು ಅನ್ನುವುದು ಬೇರೆ, ಇದ್ದೇ ಇದೆ ಅನ್ನುವುದು ಬೇರೆ ಅಲ್ವಾ? ಇದ್ದರೂ ಒಂದೇ ಅಂತ ಹೇಗೆ ಗೊತ್ತಾಯಿತು?

ಗೋಕಾಕ_ಕರದಂಟು
ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನಿಲ್ಲ. q−1ನ್ನು p ಭಾಗಿಸದಿದ್ದರೆ ಸೈಕ್ಲಿಕ್, ಭಾಗಿಸಿದರೆ ಅಬೇಲಿಯನ್ ಅಲ್ಲ. 21ರಲ್ಲಿ 7−1 = 6, ಅದನ್ನು 3 ಭಾಗಿಸುತ್ತದೆ. ಗ್ರೂಪ್ ಬೇಕಾದರೆ s³ = e, t⁷ = e, sts⁻¹ = t³ ಅಂತ ಬರೆಯಿರಿ. st ಮತ್ತು ts ಬೇರೆ ಆದವು. ಮುಗೀತು.

ಇಳಕಲ್_ಬಿಎಸ್ಸಿ
ನನಗೆ ಇಲ್ಲೇ ಒಂದು ಡೌಟು. 9 = 3 × 3. ಇಲ್ಲಿ 3−1 = 2, ಅದನ್ನು 3 ಭಾಗಿಸುವುದಿಲ್ಲ. ಅಂದರೆ ಆರ್ಡರ್ 9 ಇದ್ದರೆ ಸೈಕ್ಲಿಕ್ ಒಂದೇ ಅಂತಾಯಿತು. ಆದರೆ Z₃ × Z₃ ಇದೆಯಲ್ಲ? ಅದು ಸೈಕ್ಲಿಕ್ ಅಲ್ಲ.

ವಿಜಯಪುರ_ಮೇಡಂ
ಇಳಕಲ್ ತಮ್ಮಾ, ಇಲ್ಲಿ ಎರಡು ಅವಿಭಾಜ್ಯಗಳೂ ಬೇರೆ ಬೇರೆ ಇರಬೇಕು. ಆರ್ಡರ್ 3ರ ಒಂದು ಎಲಿಮೆಂಟ್, ಆರ್ಡರ್ 5ರ ಒಂದು ಎಲಿಮೆಂಟ್, ಎರಡೂ ಒಂದಕ್ಕೊಂದು ಕಮ್ಯೂಟ್ ಆದರೆ ಗುಣಲಬ್ಧಕ್ಕೆ ಆರ್ಡರ್ 15 ಸಿಗುತ್ತದೆ. 3 ಮತ್ತು 3 ಇದ್ದರೆ 9 ಸಿಗುತ್ತದೆ ಅನ್ನುವ ಗ್ಯಾರಂಟಿ ಇಲ್ಲ. p² ಬೇರೆಯದೇ ಕಥೆ, ಇಲ್ಲಿ ಬೆರೆಸುವುದು ಬೇಡ.

ಗೋಕಾಕದವರೇ, ನಿಮ್ಮ ಷರತ್ತು ಸರಿ. ಆದರೆ ಅದನ್ನು ಹೇಳಿದ ರೀತಿಯಲ್ಲಿ ಒಂದು ತೊಡಕಿದೆ. 3 ಅನ್ನುವುದು 6ನ್ನು ಭಾಗಿಸಿದ ಮಾತ್ರಕ್ಕೆ Z₂₁ ಎಲ್ಲಿಗೂ ಓಡಿಹೋಗುವುದಿಲ್ಲ. ಅದು ಯಾವಾಗಲೂ ಇರುತ್ತದೆ. ಜೊತೆಗೆ ಇನ್ನೊಂದು ಸೇರುತ್ತದೆ ಅಷ್ಟೇ.

ಇನ್ನು ನೀವು ಬರೆದ ಗ್ರೂಪ್. ಅದರ ಆರ್ಡರ್ 21 ಅಲ್ಲ. ಕೂತು ಲೆಕ್ಕ ಮಾಡೋಣ. sts⁻¹ = t³. ಎರಡೂ ಕಡೆ ಇನ್ನೊಮ್ಮೆ s, s⁻¹ ಹಾಕಿದರೆ s²ts⁻² = t⁹, ಅಂದರೆ t². ಮತ್ತೊಮ್ಮೆ ಹಾಕಿದರೆ s³ts⁻³ = t⁶. ಆದರೆ s³ = e ಅಂತ ನೀವೇ ಬರೆದಿದ್ದೀರಿ. ಹಾಗಾದರೆ ಎಡಗಡೆ ಇರುವುದು ಬರೀ t. ಅಂದರೆ t = t⁶, ಅಲ್ಲಿಂದ t⁵ = e. t⁷ = e ಕೂಡ ಇದೆ. 5 ಮತ್ತು 7ಕ್ಕೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲ, ಹಾಗಾಗಿ t = e. t ಪೂರ್ತಿ ಕುಸಿದುಹೋಯಿತು. ಉಳಿದದ್ದು s ಮಾತ್ರ, ಆರ್ಡರ್ 3ರ ಗ್ರೂಪ್.

ಪೇಪರ್ ತಿದ್ದುವಾಗ ಈ t³ ನನಗೆ ಬಹಳ ಸಲ ಸಿಕ್ಕಿದೆ. ನೋಡಲು ಚೆಂದ ಇರುತ್ತದೆ, ಒಳಗೆ ಏನೂ ಇರುವುದಿಲ್ಲ.

ಬೆಳಗಾವಿ_ಕೋಡರ್
ಮೇಡಂ ಹೇಳಿದ್ದನ್ನು ಗ್ಯಾಪ್ ಅನ್ನುವ ಗ್ರೂಪ್ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಹಾಕಿ ನೋಡಿದೆ. t² ಕೊಟ್ಟರೆ 21 ಬರುತ್ತದೆ, t³ ಕೊಟ್ಟರೆ 3.

```
gap> F := FreeGroup("s", "t");;
gap> s := F.1;; t := F.2;;
gap> Size(F / [ s^3, t^7, s*t*s^-1*t^-2 ]);
21
gap> Size(F / [ s^3, t^7, s*t*s^-1*t^-3 ]);
3
```

ಗೋಕಾಕ_ಕರದಂಟು
ಹಾಗಾದರೆ 2 ಯಾಕೆ ನಡೆಯುತ್ತದೆ, 3 ಯಾಕೆ ನಡೆಯುವುದಿಲ್ಲ? ಸುಮ್ನೆ ಒಂದೊಂದೇ ಹಾಕಿ ನೋಡಬೇಕಾ?

ವಿಜಯಪುರ_ಮೇಡಂ
ಮೇಲಿನ ಲೆಕ್ಕದಲ್ಲೇ ಉತ್ತರ ಇದೆ. 3ರ ಜಾಗದಲ್ಲಿ a ಅಂತ ಇಡಿ. ಮೂರು ಸಲ ಮಾಡಿದರೆ ಘಾತ a, a², a³ ಆಗುತ್ತದೆ. s³ = e ಇರುವುದರಿಂದ a³ ಅನ್ನುವುದು 7ರ ಲೆಕ್ಕದಲ್ಲಿ 1 ಆಗಲೇಬೇಕು. 1ರಿಂದ 6ರವರೆಗೆ ಘನ ತೆಗೆಯಿರಿ, 7ರಿಂದ ಭಾಗಿಸಿ ಶೇಷ ಬರೆಯಿರಿ: 1, 1, 6, 1, 6, 6. 1 ಬಂದದ್ದು a = 1, 2, 4ಕ್ಕೆ. a = 1 ಅಂದರೆ s, t ಕಮ್ಯೂಟ್ ಆಗುತ್ತವೆ, ಅದು Z₂₁. ಉಳಿದದ್ದು 2 ಮತ್ತು 4.

ಇದನ್ನೇ 15ಕ್ಕೆ ಮಾಡಿ. a³ ಅನ್ನುವುದು 5ರ ಲೆಕ್ಕದಲ್ಲಿ 1 ಆಗಬೇಕು. 1ರಿಂದ 4ರ ಘನಗಳ ಶೇಷ 1, 3, 2, 4. a = 1 ಒಂದಕ್ಕೇ ನಡೆಯಿತು. ಕಮ್ಯೂಟ್ ಆಗದೆ ಬೇರೆ ದಾರಿಯೇ ಇಲ್ಲ.

ಇದೇ ಮುಖ್ಯ ವಿಷಯ. a^pಯ ಶೇಷ qದ ಲೆಕ್ಕದಲ್ಲಿ 1. ಇದಕ್ಕೆ 1 ಬಿಟ್ಟು ಬೇರೆ ಉತ್ತರ ಇದೆಯೋ ಇಲ್ಲವೋ ನೋಡಿದರೆ ಸಾಕು. ಫರ್ಮಾ ಪ್ರಕಾರ a^(q−1) ಶೇಷವೂ 1. q−1ನ್ನು p ಭಾಗಿಸದಿದ್ದರೆ ಎರಡನ್ನೂ ಸೇರಿಸಿ a = 1 ಅಂತ ಬರುತ್ತದೆ. ಭಾಗಿಸಿದರೆ ಬೇರೆ ಉತ್ತರ ಸಿಕ್ಕೇ ಸಿಗುತ್ತದೆ. ಯಾಕೆ ಅಂದರೆ 1ರಿಂದ q−1ರವರೆಗಿನ ಸಂಖ್ಯೆಗಳು ಗುಣಾಕಾರದ ಅಡಿ ಒಂದು ಗ್ರೂಪ್, ಅದರ ಆರ್ಡರ್ q−1, ಅದನ್ನು p ಭಾಗಿಸುತ್ತದೆ. ಕೋಶಿ ಪ್ರಮೇಯ ಹಾಕಿ, ಆರ್ಡರ್ p ಇರುವ ಎಲಿಮೆಂಟ್ ಸಿಗುತ್ತದೆ.

ಮುಧೋಳ_ಎಂಎಸ್ಸಿ
ಮೇಡಂ, ಬಹಳ ಕ್ಲಿಯರ್ ಆಯಿತು. ಆದರೆ ನನ್ನ ಮೊದಲ ಪ್ರಶ್ನೆ ಇನ್ನೂ ಅರ್ಧ ಉಳಿದಿದೆ ಅನಿಸುತ್ತಿದೆ. a = 2 ಹಾಕಿದರೆ ಕುಸಿಯಲೇಬೇಕು ಅನ್ನುವ ಕಾರಣ ಸಿಗಲಿಲ್ಲ. ಹಾಗಂತ ಕುಸಿಯುವುದೇ ಇಲ್ಲ ಅಂತ ಹೇಗೆ? ಗ್ಯಾಪ್ 21 ಅಂತ ಹೇಳಿತು, ಸರಿ. ಪರೀಕ್ಷೆಯಲ್ಲಿ ಗ್ಯಾಪ್ ಇರುವುದಿಲ್ಲವಲ್ಲ.

ಜಮಖಂಡಿ_ಮಾಸ್ತರ
ಒಳ್ಳೆಯ ಪ್ರಶ್ನೆ. ಸೂತ್ರ ಬರೆದರೆ ಗ್ರೂಪ್ ಹುಟ್ಟುವುದಿಲ್ಲ. ಕಣ್ಣ ಮುಂದೆ 21 ಎಲಿಮೆಂಟ್ ಇಡಬೇಕು. ನಾನು ಬಿ.ಎಸ್ಸಿ. ಮಕ್ಕಳಿಗೆ ವಾರದ ದಿನ ಹಿಡಿದು ಹೇಳುತ್ತೇನೆ.

ಭಾನುವಾರ 0, ಸೋಮವಾರ 1, ಹೀಗೆ ಶನಿವಾರ 6. t ಅಂದರೆ ಒಂದು ದಿನ ಮುಂದೆ ಹೋಗು. s ಅಂದರೆ ಸಂಖ್ಯೆಯನ್ನು ದುಪ್ಪಟ್ಟು ಮಾಡು, 7 ದಾಟಿದರೆ 7 ಕಳೆ. ಈಗ s ಏನು ಮಾಡುತ್ತದೆ ನೋಡಿ. ಸೋಮವಾರ ಹೋಗಿ ಮಂಗಳವಾರ, ಮಂಗಳವಾರ ಹೋಗಿ ಗುರುವಾರ, ಗುರುವಾರ ಅಂದರೆ 4, ಅದರ ದುಪ್ಪಟ್ಟು 8, ಮತ್ತೆ ಸೋಮವಾರ. ಒಂದು ಸುತ್ತು. ಬುಧವಾರ, ಶನಿವಾರ, ಶುಕ್ರವಾರ ಇನ್ನೊಂದು ಸುತ್ತು. ಭಾನುವಾರ ಅಲ್ಲಾಡುವುದಿಲ್ಲ. ಮೂರು ಸಲ s ಮಾಡಿದರೆ ಎಲ್ಲರೂ ತಮ್ಮ ಜಾಗದಲ್ಲಿ. t ಏಳು ಸಲ ಮಾಡಿದರೂ ಅಷ್ಟೇ.

ಮೊದಲು ಒಂದು ದಿನ ಮುಂದೆ ಹೋಗಿ ಆಮೇಲೆ ದುಪ್ಪಟ್ಟು ಮಾಡಿದರೆ x ಹೋಗಿ 2x+2 ಆಗುತ್ತದೆ. ಮೊದಲು ದುಪ್ಪಟ್ಟು, ಆಮೇಲೆ ಎರಡು ದಿನ ಮುಂದೆ ಅಂದರೂ 2x+2. ಅಂದರೆ st = t²s. ಮೇಡಂ ಬರೆದ a = 2 ಇದೇ. ಎರಡನ್ನೂ ಎಷ್ಟು ಬೆರೆಸಿದರೂ ಸಿಗುವುದು ax+b ರೂಪದ ನಡೆಗಳು ಮಾತ್ರ. aಗೆ 1, 2, 4 ಮೂರು ಆಯ್ಕೆ, bಗೆ ಏಳು ಆಯ್ಕೆ. ಎಲ್ಲ ಬೇರೆ ಬೇರೆ ನಡೆಗಳು, ಒಟ್ಟು 21. ಎರಡು ನಡೆ ಒಂದರ ಮೇಲೊಂದು ಮಾಡಿದರೆ ಮತ್ತೆ ಇದೇ ರೂಪ, ಯಾಕೆಂದರೆ 1, 2, 4 ಗುಣಿಸಿಕೊಂಡರೆ ಹೊರಗೆ ಹೋಗುವುದಿಲ್ಲ. ಕುಸಿಯುವ ಪ್ರಶ್ನೆಯೇ ಇಲ್ಲ, ಎದುರಿಗೇ ನಿಂತಿದೆ.

ನಿಮ್ಮ ನೋಟ್ಸ್‌ನ 7 ಕೂಡ ಇಲ್ಲಿ ಕಾಣುತ್ತದೆ. 2x+1 ತೆಗೆದುಕೊಳ್ಳಿ. ಒಮ್ಮೆ ಮಾಡಿದರೆ 2x+1, ಎರಡು ಸಲಕ್ಕೆ 4x+3, ಮೂರನೇ ಸಲಕ್ಕೆ 8x+7, ಅಂದರೆ x. ಆರ್ಡರ್ 3. ಇದು ಯಾವ ದಿನವನ್ನು ಅಲ್ಲಾಡಿಸುವುದಿಲ್ಲ? 2x+1 = x, ಅಂದರೆ x = 6, ಶನಿವಾರ. ಹೀಗೆ ಒಂದೊಂದು ದಿನಕ್ಕೂ ಅದನ್ನು ಅಲ್ಲಾಡಿಸದ ಎರಡು ನಡೆಗಳಿವೆ, ಒಂದು a = 2 ಇರುವುದು, ಒಂದು a = 4 ಇರುವುದು. ಆ ಎರಡು ಮತ್ತು e ಸೇರಿದರೆ ಆರ್ಡರ್ 3ರ ಒಂದು ಸಬ್‌ಗ್ರೂಪ್. ಏಳು ದಿನಕ್ಕೆ ಏಳು ಸಬ್‌ಗ್ರೂಪ್. ಸೈಲೋ ಹೇಳಿದ 7 ಇದೇ.

ಸಂಕೇಶ್ವರ_ಸೆಟ್
ಮಾಸ್ತರ, ನಿಮ್ಮ ಎಣಿಕೆ ನೋಡಿ ನನ್ನ ಹಳೇ ಸಿಟ್ಟು ನೆನಪಾಯಿತು. ಕೆ-ಸೆಟ್ ತಯಾರಿಗೆ ಒಂದು ಕಡೆ ಮಾಕ್ ಟೆಸ್ಟ್ ಬರೆದಿದ್ದೆ. ಆರ್ಡರ್ 55 ಇರುವ, ಅಬೇಲಿಯನ್ ಅಲ್ಲದ ಗ್ರೂಪ್‌ನಲ್ಲಿ ಆರ್ಡರ್ 5ರ ಎಲಿಮೆಂಟ್ ಎಷ್ಟು ಅಂತ ಪ್ರಶ್ನೆ. ನಾನು 44 ಅಂತ ಹಾಕಿದೆ. ಕೀ ಉತ್ತರದಲ್ಲಿ 4 ಅಂತಿತ್ತು. ಕೇಳಿದರೆ "5 ಅವಿಭಾಜ್ಯ, 5−1 = 4" ಅಂದರು. ಯಾರು ಸರಿ?

ಜಮಖಂಡಿ_ಮಾಸ್ತರ
ನೀವೇ ಸರಿ. 4 ಬರುವುದು Z₅₅ನಲ್ಲಿ. ಅಬೇಲಿಯನ್ ಅಲ್ಲದ್ದರಲ್ಲಿ ಆರ್ಡರ್ 5ರ ಸಬ್‌ಗ್ರೂಪ್ 11 ಇವೆ, ಒಂದೊಂದರಲ್ಲೂ 4, ಒಟ್ಟು 44. ಆರ್ಡರ್ 11ರವು 10, e ಒಂದು. ಕೂಡಿಸಿ, 55 ಬರುತ್ತದೆ. ಆರ್ಡರ್ 55 ಇರುವ ಎಲಿಮೆಂಟ್ ಒಂದೂ ಇಲ್ಲ, ಇದ್ದರೆ ಅದು ಸೈಕ್ಲಿಕ್ ಆಗಿಬಿಡುತ್ತಿತ್ತು. ಹೀಗೆ ಕೂಡಿಸಿ ನೋಡಿದರೆ ಕೀ ತಪ್ಪು ಅಂತ ತಕ್ಷಣ ಗೊತ್ತಾಗುತ್ತದೆ. ಅವರ ಲೆಕ್ಕದಲ್ಲಿ 4 + 10 + 1 = 15, ಉಳಿದ 40 ಎಲ್ಲಿ ಹೋದವು?

ಗೋಕಾಕ_ಕರದಂಟು
ಸರಿ, 21ಕ್ಕೆ ವಾಪಸ್ ಬರೋಣ. a = 2 ಒಂದು ಗ್ರೂಪ್, a = 4 ಇನ್ನೊಂದು. Z₂₁ ಸೇರಿಸಿದರೆ ಮೂರು ಆಯಿತಲ್ಲ? ಎರಡು ಅಂತ ಯಾಕೆ ಹೇಳುತ್ತೀರಿ?

ವಿಜಯಪುರ_ಮೇಡಂ
ಮಾಸ್ತರ ಹೇಳಿದ 21 ನಡೆಗಳಲ್ಲಿ a = 4 ಇರುವವೂ ಸೇರಿವೆ, ಗಮನಿಸಿದಿರಾ? sನ ಬದಲು s²ಯನ್ನೇ ಆರಿಸಿಕೊಂಡು ಅದಕ್ಕೆ u ಅಂತ ಹೆಸರಿಡಿ. uದ ಆರ್ಡರೂ 3. utu⁻¹ = s²ts⁻² = t⁴. ಗ್ರೂಪ್ ಅದೇ, ನಾವು ಹಿಡಿದುಕೊಂಡ ಜನರೇಟರ್ ಮಾತ್ರ ಬೇರೆ. ಹಾಗಾಗಿ 2 ಮತ್ತು 4 ಎರಡೂ ಒಂದೇ ಗ್ರೂಪ್.

55ರಲ್ಲೂ ಇದೇ. a⁵ ಶೇಷ 11ರ ಲೆಕ್ಕದಲ್ಲಿ 1 ಆಗಬೇಕು. 3 ನಡೆಯುತ್ತದೆ: 3, 9, 5, 4, 1. ಉಳಿದ ಉತ್ತರಗಳು 9, 5, 4. ಎಲ್ಲವೂ 3ರ ಘಾತಗಳೇ, ಹಾಗಾಗಿ s ಬದಲಿಸಿದರೆ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ಇವು ಬಿಟ್ಟು ಬೇರೆ ಉತ್ತರ ಇರಬಹುದಾ ಅಂದರೆ ಇಲ್ಲ. x⁵ − 1ಕ್ಕೆ 11ರ ಲೆಕ್ಕದಲ್ಲಿ ಐದಕ್ಕಿಂತ ಜಾಸ್ತಿ ಮೂಲಗಳು ಇರಲು ಆಗುವುದಿಲ್ಲ, 11 ಅವಿಭಾಜ್ಯ ಆಗಿರುವುದರಿಂದ. ಐದೂ ಸಿಕ್ಕಾಗಿದೆ. ಯಾವ p, qಗೂ ಇದೇ ಮಾತು.

ಮುಧೋಳ_ಎಂಎಸ್ಸಿ
ಒಂದು ಕೊನೆಯ ಕೊಂಡಿ. sts⁻¹ ಅನ್ನುವುದು tಯ ಘಾತವೇ ಆಗಿರಬೇಕು ಅಂತ ಮೊದಲಿನಿಂದಲೂ ಒಪ್ಪಿಕೊಂಡು ಬಂದಿದ್ದೇವೆ. ಅದು ಆರ್ಡರ್ 7ರ ಸಬ್‌ಗ್ರೂಪ್ ನಾರ್ಮಲ್ ಆಗಿರುವುದರಿಂದ, ಅದು ಸೈಲೋದಿಂದ. ಸರಿ ಅಲ್ವಾ?

ಜಮಖಂಡಿ_ಮಾಸ್ತರ
ಸರಿ, ಆದರೆ ಅದಕ್ಕೆ ಸೈಲೋ ಕೂಡ ಬೇಡ. ಆರ್ಡರ್ 7ರ ಎರಡು ಬೇರೆ ಸಬ್‌ಗ್ರೂಪ್ H, K ಇವೆ ಅಂದುಕೊಳ್ಳಿ. 7 ಅವಿಭಾಜ್ಯ, ಹಾಗಾಗಿ ಎರಡಕ್ಕೂ e ಬಿಟ್ಟು ಬೇರೇನೂ ಸಾಮಾನ್ಯ ಇಲ್ಲ. Hನ ಒಂದು, Kಯ ಒಂದು ತೆಗೆದು ಗುಣಿಸಿದರೆ 49 ಬೇರೆ ಬೇರೆ ಎಲಿಮೆಂಟ್ ಸಿಗುತ್ತವೆ. ಗ್ರೂಪ್‌ನಲ್ಲಿ ಇರುವುದೇ 21. ಹಾಗಾಗಿ ಆರ್ಡರ್ 7ರ ಸಬ್‌ಗ್ರೂಪ್ ಒಂದೇ, ಒಂದೇ ಇದ್ದರೆ ನಾರ್ಮಲ್. q ದೊಡ್ಡದು ಅನ್ನುವುದು ಬಳಕೆಯಾಗುವುದು ಇಲ್ಲೇ: q² ಯಾವಾಗಲೂ pqಗಿಂತ ಜಾಸ್ತಿ. ಆರ್ಡರ್ 3 ಮತ್ತು 7ರ ಎಲಿಮೆಂಟ್ ಇವೆ ಅನ್ನಲು ಕೋಶಿ ಸಾಕು.

ಬಿ.ಎಸ್ಸಿ.ಯಲ್ಲಿ ಸೈಲೋ ಬರುವ ಮೊದಲೇ ಇಡೀ pqವನ್ನು ಹೀಗೆ ಮುಗಿಸಬಹುದು. ಸೈಲೋ ಪ್ರಮೇಯ 1872ರದ್ದು, ಕೋಶಿ ಅದಕ್ಕಿಂತ ಹಳಬ. ಹಳಬನಿಂದ ಆಗುವ ಕೆಲಸಕ್ಕೆ ದೊಡ್ಡ ಯಂತ್ರ ತರುವುದು ನನಗೆ ಇಷ್ಟವಿಲ್ಲ.

ವಿಜಯಪುರ_ಮೇಡಂ
ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ, ಮಾಸ್ತರ. ಮಕ್ಕಳು ಮುಂದೆ 12, 30, 105 ಮಾಡಬೇಕಲ್ಲ. ಅಲ್ಲಿ ನಿಮ್ಮ 49ರ ಉಪಾಯ ನಡೆಯುವುದಿಲ್ಲ. 105ರಲ್ಲಿ 49 ಎಲಿಮೆಂಟ್‌ಗೆ ಜಾಗ ಇದೆ. ಸೈಲೋ ಎಣಿಕೆ ಇಲ್ಲೇ ಕೈಗೆ ಹತ್ತಬೇಕು.

ಜಮಖಂಡಿ_ಮಾಸ್ತರ
105 ನನ್ನ ಪರವಾಗಿಯೇ ಮಾತಾಡುತ್ತದೆ, ಮೇಡಂ. ಸೈಲೋ ಪ್ರಕಾರ ಆರ್ಡರ್ 5ರ ಸಬ್‌ಗ್ರೂಪ್ 21 ಇರಬಹುದು, ಆರ್ಡರ್ 7ರವು 15 ಇರಬಹುದು. ಷರತ್ತು ಎರಡಕ್ಕೂ ಸರಿಹೊಂದುತ್ತದೆ. ಆದರೆ ಆರ್ಡರ್ 105 ಇರುವ ಯಾವ ಗ್ರೂಪ್‌ನಲ್ಲೂ ಹಾಗೆ ಆಗುವುದಿಲ್ಲ, ಎರಡೂ ಒಂದೊಂದೇ. "ಇರಬಹುದು" ಅಂತ ಕಂಡ ತಕ್ಷಣ "ಆದ್ದರಿಂದ ಇದೆ" ಅಂತ ಬರೆಯುವ ಚಟ ಹತ್ತುವುದು ಸೈಲೋವನ್ನು ಬೇಗ ಕೊಟ್ಟರೇನೇ. ಮುಧೋಳದ ತಮ್ಮನ ನೋಟ್ಸ್ ಹಾಗೇ ಆಗಿದೆ.

ವಿಜಯಪುರ_ಮೇಡಂ
21 ಮತ್ತು 15 ಎರಡೂ ಆಗುವುದಿಲ್ಲ ಅಂತ ತೋರಿಸಲು ನೀವೂ ಎಣಿಸಲೇಬೇಕು. 21 × 4 = 84, 15 × 6 = 90, ಎರಡೂ 105ರಲ್ಲಿ ಹಿಡಿಯುವುದಿಲ್ಲ. ಅದು ಸೈಲೋ ಎಣಿಕೆಯೇ ತಾನೆ? ಇದು ನಾವಿಬ್ಬರು ಮುಗಿಸುವ ಜಗಳ ಅಲ್ಲ ಬಿಡಿ.

ಇಳಕಲ್_ಬಿಎಸ್ಸಿ
ನಾನು 100ರ ಒಳಗೆ ಹುಡುಕಿದೆ. p, q ಎರಡೂ ಬೆಸ ಇದ್ದು ಅಬೇಲಿಯನ್ ಅಲ್ಲದ್ದು ಸಿಗುವುದು 21, 39, 55, 57, 93. ಸರಿ ಇದೆಯಾ? ಮತ್ತೆ p = 2 ಇದ್ದರೆ ಎಲ್ಲದಕ್ಕೂ ಸಿಗುತ್ತದೆ ಅಲ್ವಾ, q−1 ಯಾವಾಗಲೂ ಸಮ?

ವಿಜಯಪುರ_ಮೇಡಂ
ಎರಡೂ ಸರಿ. p = 2 ಇದ್ದರೆ a ಅನ್ನುವುದು −1, ಅದು q ಬಾಹುಗಳ ಬಹುಭುಜದ ಡೈಹೆಡ್ರಲ್ ಗ್ರೂಪ್. 6ಕ್ಕೆ S₃, 10ಕ್ಕೆ ಪಂಚಭುಜದ್ದು. ಪಟ್ಟಿ ಮಾಡುವಾಗ 91 ನೋಡಿ ಮೋಸ ಹೋಗದೇ ಇದ್ದದ್ದು ಒಳ್ಳೆಯದಾಯಿತು. 7 × 13ರಲ್ಲಿ 13−1 = 12ನ್ನು 7 ಭಾಗಿಸುವುದಿಲ್ಲ. ಕೆಲವರು ಅವಸರದಲ್ಲಿ 6 ಅನ್ನುವುದು 12ನ್ನು ಭಾಗಿಸುತ್ತದೆ ಅಂತ ನೋಡಿಬಿಡುತ್ತಾರೆ.

ಬೆಳಗಾವಿ_ಕೋಡರ್
91ಕ್ಕೆ 3 ಸೇರಿಸಿ 273 ನೋಡಿದೆ. 3 × 7 × 13. ಆರ್ಡರ್ 273ರ ಗ್ರೂಪ್ ಒಟ್ಟು ಎಷ್ಟು ಅಂತ ಗ್ಯಾಪ್‌ಗೆ `NumberSmallGroups(273);` ಅಂದರೆ 5 ಬರುತ್ತದೆ. Z₂₇₃ ಒಂದು. 21ರದ್ದಕ್ಕೆ Z₁₃ ಸೇರಿಸಿದ್ದು ಒಂದು, 39ರದ್ದಕ್ಕೆ Z₇ ಸೇರಿಸಿದ್ದು ಒಂದು. s ಅನ್ನುವುದು 7 ಮತ್ತು 13 ಎರಡನ್ನೂ ಅಲ್ಲಾಡಿಸುವುದು ಇನ್ನೊಂದು. ನಾಲ್ಕು. ಐದನೆಯದು ಯಾವುದು?

ಮುಧೋಳ_ಎಂಎಸ್ಸಿ
ನಾನು ಪ್ರಯತ್ನ ಮಾಡಿದೆ. 7ರ ಕಡೆ a ಅನ್ನುವುದು 2 ಅಥವಾ 4. 13ರ ಕಡೆ 3 ಅಥವಾ 9. ಜೋಡಿ (2, 3) ಹಿಡಿದು sನ ಬದಲು s² ಹಾಕಿದರೆ (4, 9) ಆಗುತ್ತದೆ. ಎರಡೂ ಕಡೆ ಒಟ್ಟಿಗೇ ಬದಲಾಗುತ್ತದೆ, ಒಂದನ್ನು ಮಾತ್ರ ಬದಲಿಸಲು ಆಗುವುದಿಲ್ಲ. ಹಾಗಾಗಿ (2, 9) ಮತ್ತು (4, 3) ಬೇರೆ ಜೋಡಿ. ಐದನೆಯದು ಅದೇ ಇರಬೇಕು. ಮೇಡಂ ಹೇಳಿದ ಹೆಸರು ಬದಲಿಸುವ ಉಪಾಯ pqಗೆ ಪೂರ್ತಿ ಸಾಕಾಗುತ್ತದೆ, ಇಲ್ಲಿ ಅರ್ಧಕ್ಕೆ ನಿಲ್ಲುತ್ತದೆ.

ವಿಜಯಪುರ_ಮೇಡಂ
ಅದೇ ಐದನೆಯದು.

ಸಂಕೇಶ್ವರ_ಸೆಟ್
ನಾನು ನಾಲ್ಕನೆಯದು, ಐದನೆಯದು ಎರಡರಲ್ಲೂ ಎಲಿಮೆಂಟ್ ಎಣಿಸಿದೆ. ಎರಡರಲ್ಲೂ ಆರ್ಡರ್ 3ರವು 182, ಉಳಿದ 91 ಸೇರಿ Z₉₁. ಒಂದೂ ಹೆಚ್ಚುಕಡಿಮೆ ಇಲ್ಲ. 55ರಲ್ಲಿ ಎಣಿಸಿ ಕೀ ತಪ್ಪು ಅಂತ ಹಿಡಿದೆವು, ಇಲ್ಲಿ ಎಣಿಕೆ ಏನೂ ಹೇಳುತ್ತಿಲ್ಲ. ಹಾಗಾದರೆ ಎರಡು ಗ್ರೂಪ್ ಬೇರೆ ಬೇರೆ ಅಂತ ಉತ್ತರ ಪತ್ರಿಕೆಯಲ್ಲಿ ಏನಂತ ಬರೆಯಬೇಕು? ಜೋಡಿ ಬೇರೆ ಅಂದರೆ ಸಾಕಾ, ಅಥವಾ ಯಾವ ಐಸೊಮಾರ್ಫಿಸಂ ಕೂಡ ಜೋಡಿಯನ್ನು ಒಡೆಯಲು ಆಗುವುದಿಲ್ಲ ಅಂತ ತೋರಿಸಬೇಕಾ?

ಜಮಖಂಡಿ_ಮಾಸ್ತರ
ತೋರಿಸಬೇಕು. ಮೊದಲ ಹೆಜ್ಜೆ ಹೇಳುತ್ತೇನೆ: ಐಸೊಮಾರ್ಫಿಸಂ Z₉₁ನ್ನು Z₉₁ಗೇ ಕಳಿಸುತ್ತದೆ, ಮತ್ತು Z₉₁ದ ಆಟೊಮಾರ್ಫಿಸಂಗಳೆಲ್ಲ ಒಂದಕ್ಕೊಂದು ಕಮ್ಯೂಟ್ ಆಗುತ್ತವೆ. ಉಳಿದದ್ದನ್ನು ಮುಧೋಳದವರು ಬರೆದು ಹಾಕಲಿ, ನೋಡೋಣ.